ಏಳನೆಯವನು

ಕಳೆದ ತಿಂಗಳು ಒಂದು ಭಾನುವಾರ ಗೆಳೆಯನೊಬ್ಬನ ಮನೆಯ ಟೆರೇಸ್ ಮೇಲೆ ಎಂಟು ಜನ ಕೂತು ಅವನ ಹೊಸ ಕತೆ ಕೇಳಿದೆವು. ಅದಿನ್ನೂ ಎಲ್ಲೂ ಅಚ್ಚಾಗಿಲ್ಲ, ಹಾಗಾಗಿ ಕತೆಯ ಹೆಸರು, ಅವನ ಹೆಸರು ಎರಡನ್ನೂ ಹೇಳುವುದಿಲ್ಲ. ಬರೆಯೋಕೆ ಅವನ ಒಪ್ಪಿಗೆ ಇದೆ. ಓದಿ ಮುಗಿಸಿದಾಗ ಎಲ್ಲರೂ “ಚೆನ್ನಾಗಿದೆ” ಅಂದರು. ನಾನೂ ಅಂದೆ. ಕಾಫಿ ಬಂತು, ಮಾತು ಅಪ್ರೈಸಲ್ ಕಡೆ ಹೋಯಿತು. ಆದರೆ ಮನೆಗೆ ಬರುವಾಗ ನಾನು ಅವನಿಗೆ ಅರ್ಧ ಸುಳ್ಳು ಹೇಳಿದೆ ಅನ್ನಿಸ್ತು. ಕತೆಯ ಮುಕ್ಕಾಲು ಪಾಲು ನಿಜಕ್ಕೂ ಒಳ್ಳೆಯದು. ಉಳಿದ ಕಾಲು ಪಾಲು ಅದನ್ನು ಕೆಡಿಸುತ್ತದೆ. ಟೆರೇಸ್ ಮೇಲೆ ಹೇಳಬೇಕಾಗಿದ್ದನ್ನು ಇಲ್ಲಿ ಹೇಳ್ತಿದ್ದೀನಿ.

ಕತೆ ಇಷ್ಟು. ತಾಲ್ಲೂಕು ಊರೊಂದರಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ಐವತ್ತು ದಾಟಿದ ಮನುಷ್ಯ. ಅವನ ಹತ್ತಿರ ನಲವತ್ತರ ಆಸುಪಾಸಿನ ಒಬ್ಬ ಗಿರಾಕಿ ಕಾಲೇಜಿನ ಗ್ರೂಪ್ ಫೋಟೋ ತರುತ್ತಾನೆ. ಕಲ್ಲಿನ ಮೆಟ್ಟಿಲ ಮೇಲೆ ಮೂರು ಸಾಲು, ಕೆಳಗೆ ದಪ್ಪ ರಟ್ಟಿನ ಮೇಲೆ ಎಡದಿಂದ ಬಲಕ್ಕೆ ಎಲ್ಲರ ಹೆಸರು. ಎರಡನೇ ಸಾಲಿನಲ್ಲಿ ಎಂಟನೆಯವನು ಈ ಗಿರಾಕಿ. ಪಕ್ಕದ ಏಳನೆಯವನ ಮೇಲೆ ಬೆರಳಿಟ್ಟು “ಅಣ್ಣಾ, ಇವನೊಬ್ಬನ್ನ ತೆಗೀಬೇಕಲ್ಲ” ಅನ್ನುತ್ತಾನೆ. ಯಾಕೆ ಅಂತ ಹೇಳುವುದಿಲ್ಲ. ಫೋಟೋಗ್ರಾಫರ್ ಕೇಳುವುದೂ ಇಲ್ಲ. ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಾನೆ. ಆ ಮೂರು ದಿನವೇ ಕತೆ.

ಇಲ್ಲಿ ಬೇರೆ ಯಾರಾದರೂ ಬರೆದಿದ್ದರೆ ಫೋಟೋಗ್ರಾಫರ್ ಕೈಯಲ್ಲಿ “ಫೋಟೋ ಸುಳ್ಳು ಹೇಳಬಾರದು” ಅನ್ನಿಸಿಬಿಡುತ್ತಿದ್ದರು. ನನ್ನ ಗೆಳೆಯ ಆ ತಪ್ಪು ಮಾಡಿಲ್ಲ. ಸಣ್ಣ ಊರಿನ ಸ್ಟುಡಿಯೋ ಬದುಕಿದ್ದೇ ಇಲ್ಲದ್ದನ್ನು ಸೇರಿಸುವ ಕೆಲಸದಿಂದ ಅನ್ನೋದು ಅವನಿಗೆ ಗೊತ್ತು. ನಮ್ಮೂರಲ್ಲೂ ಹಾಗೇ. ತೀರಿಕೊಂಡ ಅಜ್ಜನ ರೇಷನ್ ಕಾರ್ಡಿನ ಫೋಟೋ, ಅಜ್ಜಿಯ ಯಾವುದೋ ಮದುವೆಯ ಫೋಟೋ ಎರಡನ್ನೂ ಕೊಟ್ಟರೆ, ಬದುಕಿದ್ದಾಗ ಒಟ್ಟಿಗೆ ಒಂದೂ ಫೋಟೋ ತೆಗೆಸದ ಆ ಗಂಡ ಹೆಂಡತಿಯನ್ನು ಅಕ್ಕಪಕ್ಕ ಕೂರಿಸಿ ಫ್ರೇಮ್ ಹಾಕಿ ಕೊಡುತ್ತಿದ್ದರು. ಅಜ್ಜನಿಗೆ ಕೋಟು ಬೇಕಾ? ಅದೂ ಆಯ್ತು. ಕತೆಯ ಫೋಟೋಗ್ರಾಫರ್ ಇಂಥ ಕೆಲಸ ನೂರಾರು ಮಾಡಿದವನು. ಹಾಗಾಗಿ ಸತ್ಯದ ಹೆಸರು ಹೇಳಿ ಅವನು ಈ ಕೆಲಸ ತಪ್ಪಿಸಿಕೊಳ್ಳುವಂತಿಲ್ಲ. ಸೇರಿಸುವಾಗ ಇಲ್ಲದ ಅಳುಕು ತೆಗೆಯುವಾಗ ಯಾಕೆ? ಕತೆ ಎತ್ತುವ ನಿಜವಾದ ಪ್ರಶ್ನೆ ಇದು.

ಉತ್ತರವನ್ನು ಕತೆ ಮಾತಿನಲ್ಲಿ ಕೊಡದೆ ಕೆಲಸದಲ್ಲಿ ಕೊಡುತ್ತದೆ. ಎರಡನೇ ದಿನದ ರಾತ್ರಿಯ ಭಾಗ ನನಗೆ ತುಂಬ ಇಷ್ಟವಾಯ್ತು. ಫೋಟೋಗ್ರಾಫರ್ ಪ್ರಿಂಟ್ ಸ್ಕ್ಯಾನ್ ಮಾಡಿ ಫೋಟೋಶಾಪ್‌ನಲ್ಲಿ ತೆರೆಯುತ್ತಾನೆ. ತೆಗೆಯುವುದು ಸುಲಭ, ಹುಡುಗನ ಸುತ್ತ ಗೆರೆ ಎಳೆದು ಡಿಲೀಟ್ ಒತ್ತಿದರೆ ಆಯ್ತು. ತೊಂದರೆ ಶುರುವಾಗುವುದು ಆಮೇಲೆ. ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನವರನ್ನು ಮುಂದಿನವರ ತಲೆಗಳ ನಡುವಿನ ಸಂದಿಯಲ್ಲಿ ನಿಲ್ಲಿಸಿರುತ್ತಾರೆ. ಒಬ್ಬ ಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ, ನೋಡಿದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಮೆಟ್ಟಿಲ ಕಲ್ಲನ್ನು ಪಕ್ಕದಿಂದ ನಕಲು ಮಾಡಿ ತುಂಬಿದರೂ “ಇಲ್ಲಿ ಯಾರೋ ಇದ್ದರಲ್ವಾ” ಅನ್ನಿಸುತ್ತದೆ. ಆದ್ದರಿಂದ ಎಂಟನೆಯವನನ್ನೂ ಅವನಾಚೆಯವರನ್ನೂ ಒಬ್ಬೊಬ್ಬರನ್ನಾಗಿ ಕತ್ತರಿಸಿ ಈಚೆಗೆ ಎಳೆಯಬೇಕು. ಹಾಗೆ ಎಳೆದ ಕೂಡಲೇ ಅವರ ಮುಖಗಳು ಮುಂದೆ ಕೂತ ಲೆಕ್ಚರರುಗಳ ತಲೆಯ ಹಿಂದೆ ಸಿಕ್ಕಿಕೊಳ್ಳುತ್ತವೆ. ಒಬ್ಬನಿಗಾಗಿ ಇಡೀ ಸಾಲು ಕದಲಬೇಕು.

ಆಮೇಲೆ ಕೈ ಬರುತ್ತದೆ. ಏಳನೆಯವನು ಗಿರಾಕಿಯ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾನೆ. ಅವನನ್ನು ತೆಗೆದರೆ ಗಿರಾಕಿಗೆ ಒಂದು ಹೆಗಲೇ ಇರುವುದಿಲ್ಲ. ಆ ಕೈಯ ಕೆಳಗೆ ಏನಿತ್ತು ಅನ್ನೋದು ಯಾವ ನೆಗೆಟಿವ್‌ನಲ್ಲೂ ಇಲ್ಲ, ಕ್ಯಾಮೆರಾ ಅದನ್ನು ನೋಡಿಯೇ ಇಲ್ಲ. ಫೋಟೋಗ್ರಾಫರ್ ಇನ್ನೊಂದು ಹೆಗಲನ್ನು ನಕಲು ಮಾಡಿ, ಮಗುಚಿ, ಇಲ್ಲಿ ಅಂಟಿಸುತ್ತಾನೆ. ಚೌಕಳಿ ಅಂಗಿಯ ಗೆರೆಗಳನ್ನು ಕಾಲರಿಗೆ ಕೂಡಿಸುತ್ತಾನೆ. ಎಲ್ಲ ಸರಿಹೋಯ್ತು ಅಂದುಕೊಂಡು ದೂರ ಸರಿದು ನೋಡಿದರೆ ನೆರಳು ತಪ್ಪಾಗಿದೆ. ಬೆಳಗಿನ ಬಿಸಿಲು ಎಲ್ಲರ ಮೇಲೂ ಒಂದು ಕಡೆಯಿಂದ ಬೀಳುತ್ತಿದೆ. ಮಗುಚಿದ ಹೆಗಲ ಮೇಲೆ ಮಾತ್ರ ಇನ್ನೊಂದು ಕಡೆಯಿಂದ. ಗಿರಾಕಿಯ ಹೆಗಲಿಗೆ ಬೇರೆಯೇ ಸೂರ್ಯ.

ಕತೆಗಾರ ಇಲ್ಲಿ ಏನನ್ನೂ ವಿವರಿಸುವುದಿಲ್ಲ. ವಿವರಿಸಬೇಕಾಗಿಯೂ ಇಲ್ಲ. ಸೇರಿಸುವಾಗ ಅಜ್ಜ ಅಜ್ಜಿ ಇಬ್ಬರೂ ಇದ್ದ ಹಾಗೇ ಉಳಿಯುತ್ತಾರೆ, ನಡುವಿನ ಜಾಗ ಮಾತ್ರ ಸುಳ್ಳು. ತೆಗೆಯುವಾಗ ಉಳಿದವನ ಮೈಯನ್ನೇ ಹೊಸದಾಗಿ ಕಟ್ಟಬೇಕು. ಅವನು ಯಾರನ್ನು ಅಳಿಸಬೇಕೆಂದು ಕೊಟ್ಟನೋ ಅವನ ಜೊತೆ ತಾನೂ ಒಂದಿಷ್ಟು ಅಳಿಸಿಹೋಗುತ್ತಾನೆ.

ಅವತ್ತು ಟೆರೇಸ್ ಮೇಲೆ ಒಬ್ಬರು ಮಿಲನ್ ಕುಂದೇರಾನ ಹೆಸರೆತ್ತಿದರು. 1979ರಲ್ಲಿ ಬಂದ, ನಗು ಮತ್ತು ಮರೆವಿನ ಬಗ್ಗೆ ಇರುವ ಅವನ ಪುಸ್ತಕ ಇಂಥದೇ ಒಂದು ಫೋಟೋದಿಂದ ಶುರುವಾಗುತ್ತದೆ. 1948ರ ಫೆಬ್ರವರಿ, ಪ್ರಾಗ್, ಹಿಮ ಬೀಳುತ್ತಿದೆ. ಬಾಲ್ಕನಿಯಲ್ಲಿ ಭಾಷಣಕ್ಕೆ ನಿಂತ ಕಮ್ಯುನಿಸ್ಟ್ ನಾಯಕ ಗೊಟ್ವಾಲ್ಡ್‌ನ ತಲೆಗೆ ಪಕ್ಕದಲ್ಲಿದ್ದ ಕ್ಲೆಮೆಂಟಿಸ್ ತನ್ನ ತುಪ್ಪಳದ ಟೋಪಿ ತೆಗೆದು ಇಡುತ್ತಾನೆ. ನಾಲ್ಕು ವರ್ಷ ಕಳೆದ ಮೇಲೆ ಕ್ಲೆಮೆಂಟಿಸ್‌ನನ್ನು ಗಲ್ಲಿಗೇರಿಸಿ, ಫೋಟೋದಿಂದಲೂ ತೆಗೆಯುತ್ತಾರೆ. ಕುಂದೇರಾ ಹೇಳುವ ಪ್ರಕಾರ ಉಳಿದದ್ದು ಗೊಟ್ವಾಲ್ಡ್‌ನ ತಲೆಯ ಮೇಲಿನ ಟೋಪಿ ಮಾತ್ರ. ಹೋಲಿಕೆ ಕೇಳೋಕೆ ಚೆನ್ನಾಗಿದೆ, ಆದರೆ ನಾನು ಪೂರ್ತಿ ಒಪ್ಪಲ್ಲ. ಅಲ್ಲಿ ಅಳಿಸಿದ್ದು ಸರ್ಕಾರ. ಇಲ್ಲಿ ಅಳಿಸಲು ಹೊರಟವನು ಒಬ್ಬ ಸಾದಾ ಮನುಷ್ಯ, ದುಡ್ಡು ಕೊಟ್ಟು. ತನ್ನ ಮನೆಯ ಗೋಡೆಯ ಮೇಲೆ ಯಾರಿರಬೇಕು ಅನ್ನೋದು ಅವನ ಹಕ್ಕಲ್ಲವಾ?

ಕತೆಗಾರ ಈ ಪ್ರಶ್ನೆಯನ್ನೂ ಮುಂಚೆಯೇ ಯೋಚಿಸಿದ್ದಾನೆ ಅನ್ನೋದು ಅವನ ಹೆಚ್ಚುಗಾರಿಕೆ. ಮೂರನೇ ದಿನ ಫೋಟೋಗ್ರಾಫರ್ ಕೇಳುವುದು ಒಂದೇ ಮಾತು: “ಎಷ್ಟು ಕಾಪಿ ಬೇಕು ಸಾರ್?” ಮೊದಲು ಒಂದು ಅಂದಿದ್ದ ಗಿರಾಕಿ ಈಗ ರೀಯೂನಿಯನ್‌ಗೆ ಎಲ್ಲರಿಗೂ ಕೊಡಬೇಕು, ಫೈಲೂ ಬೇಕು, ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ ಅನ್ನುತ್ತಾನೆ. ಅಲ್ಲಿಗೆ ಕೆಲಸದ ಸ್ವರೂಪವೇ ಬದಲಾಯ್ತು. ಒಂದು ಕಾಪಿ ಒಬ್ಬನ ನೋವು. ಎಲ್ಲರಿಗೂ ಹಂಚಿದರೆ ಉಳಿದವರ ನೆನಪಿಗೂ ಅವನು ಕೈ ಹಾಕಿದ ಹಾಗೆ, ಅವರನ್ನು ಕೇಳದೆ.

ಕತೆ ಇಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೆರಡು ಪುಟಗಳಲ್ಲಿ ಗಿರಾಕಿ ಕುರ್ಚಿಯಲ್ಲಿ ಕುಸಿದು ಎಲ್ಲ ಹೇಳಿಕೊಳ್ಳುತ್ತಾನೆ. ಏಳನೆಯವನ ಬ್ಯಾಂಕ್ ಸಾಲಕ್ಕೆ ಇವನು ಜಾಮೀನು ಹಾಕಿದ್ದ, ಅವನು ಕಂತು ಕಟ್ಟದೆ ಕೈ ಕೊಟ್ಟ, ಇವನು ಸೈಟು ಮಾರಿ ತೀರಿಸಿದ. ಫೋಟೋಗ್ರಾಫರ್ ಕ್ಷಮೆಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾನೆ. ಗಿರಾಕಿ ಹಳೇ ಫೋಟೋವನ್ನೇ ಎತ್ತಿಕೊಂಡು ಕಣ್ಣೊರೆಸುತ್ತಾ ಹೋಗುತ್ತಾನೆ.

ಕಣ್ಣೀರು ಜಾಸ್ತಿಯಾಯ್ತು ಅನ್ನೋದು ನನ್ನ ತಕರಾರಲ್ಲ. ಕಾರಣ ಸಿಕ್ಕಿದ್ದೇ ತಕರಾರು. ಮೋಸ ಮಾಡಿದವನನ್ನು ಅಳಿಸುವುದು ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಓದುಗ ನಿರಾಳನಾಗುತ್ತಾನೆ. ಅಲ್ಲೀವರೆಗೆ ಏಳನೆಯವನು ನಮ್ಮೆಲ್ಲರ ಯಾರೋ ಒಬ್ಬ ಆಗಿದ್ದ. ಈಗ ಸಾಲಗಾರ ಆದ. ನಾವು ಅಳಿಸುವುದು ನಮಗೆ ಅನ್ಯಾಯ ಮಾಡಿದವರನ್ನು ಮಾತ್ರ ಅಂತ ಕತೆ ನಂಬಿಬಿಟ್ಟಿತು. ಅದು ನಿಜ ಅಲ್ಲ ಅಂತ ನನಗೆ ಹೇಗೆ ಗೊತ್ತು ಅಂದರೆ, ನಾನೇ ಒಬ್ಬನನ್ನು ಅಳಿಸಿದ್ದೀನಿ.

ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್. ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲೇ ದಿಕ್ಕು ತಪ್ಪಿದ್ದ ನನ್ನನ್ನು ರಾತ್ರಿ ಕೂರಿಸಿಕೊಂಡು ಮ್ಯಾಥ್ಸ್ ಹೇಳಿಕೊಟ್ಟವನು. ನನಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಒಂದು ವರ್ಷ ಬಿಟ್ಟು ರೆಸ್ಯೂಮೆ ಕಳಿಸಿ, ರೆಫರ್ ಮಾಡೋ ಅಂದ. ನಾನು ಆಗಲಿ ಅಂದೆ, ಮಾಡಲಿಲ್ಲ. ಮರೆತೆ ಅಂತ ಆಗ ಹೇಳಿಕೊಂಡೆ. ಆಮೇಲೆ ಅವನ ಫೋನ್ ಎತ್ತೋಕೆ ಮುಖ ಇರಲಿಲ್ಲ. ಯಾವತ್ತೋ ಕಾಲೇಜಿನ ಫೋಟೋ ಪ್ರೊಫೈಲಿಗೆ ಹಾಕುವಾಗ ಕ್ರಾಪ್ ಮಾಡಿದೆ. ಅವನು ಸಾಲಿನ ತುದಿಯಲ್ಲಿದ್ದ, ಫೋಟೋಶಾಪ್ ಬೇಕಾಗಲಿಲ್ಲ. ನನ್ನ ಹೆಗಲ ಮೇಲೆ ಅವನ ನಾಲ್ಕು ಬೆರಳು ಉಳಿದಿದ್ದವು. ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ಇದು ಪ್ರೋಗ್ರಾಮರ್ ಆಗಿ ನನ್ನ ಕಣ್ಣಿಗೆ ಬಿದ್ದದ್ದು. ಮೊದಲ ಪುಟದಲ್ಲಿ ರಟ್ಟಿನ ಮೇಲಿನ ಹೆಸರುಗಳನ್ನು ತೋರಿಸಿ ಕತೆಗಾರ ಆಮೇಲೆ ಮರೆತೇಬಿಟ್ಟಿದ್ದಾನೆ. ಏಳನೆಯವನನ್ನು ತೆಗೆದು ಸಾಲನ್ನು ಒತ್ತರಿಸಿದರೆ, ಹೆಸರುಗಳ ಪಟ್ಟಿ ಹಾಗೇ ಇದ್ದರೆ ಏನಾಗುತ್ತದೆ? ಲೆಕ್ಕ ಒಂದೊಂದು ಸ್ಥಾನ ಜಾರುತ್ತದೆ. ಒಂಬತ್ತನೆಯವನಿಗೆ ಎಂಟನೆಯವನ ಹೆಸರು, ಸಾಲಿನ ಕೊನೆಯ ಹೆಸರಿಗೆ ಮುಖವೇ ಇಲ್ಲ. ಎಂಟನೆಯವನಾದ ಗಿರಾಕಿ ಈಗ ಏಳನೆಯ ಜಾಗದಲ್ಲಿ ನಿಂತಿದ್ದಾನೆ. ಅವನ ನೇರಕ್ಕೆ ಓದಿದರೆ ಸಿಗುವುದು ಅವನು ಯಾರನ್ನು ತೆಗೆಸಿದನೋ ಆ ಗೆಳೆಯನ ಹೆಸರು. ಕಂಪ್ಯೂಟರಿನಲ್ಲಿ ಇಂಥ ತಪ್ಪು ನಾವು ದಿನಾ ಮಾಡ್ತೀವಿ. ಕತೆಗೆ ಬೇಕಿದ್ದ ಕೊನೆ ಅವನದೇ ಮೊದಲ ಪುಟದಲ್ಲಿ ಬಿದ್ದಿತ್ತು.

ಇದನ್ನೆಲ್ಲ ಮೊನ್ನೆ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ರೂಮ್‌ಮೇಟ್ ವಿಷಯ ಬಿಟ್ಟು. ಆ ಎರಡು ಪುಟ ಕಿತ್ತು ಹಾಕು, ಹೆಸರಿನ ಪಟ್ಟಿ ನೋಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಜಾಮೀನಿನ ಕತೆ ತೆಗೆದರೆ ಏಳನೆಯವನು ಏನು ತಪ್ಪು ಮಾಡಿದ ಅಂತ ಓದೋರಿಗೆ ಹೇಗೋ ಗೊತ್ತಾಗುತ್ತೆ?”

ಗೊತ್ತಾಗಬೇಕಾಗಿಲ್ಲ ಕಣೋ, ಅವನೇನೂ ಮಾಡದೇ ಇರಬಹುದು ಅಂದೆ. ಯೋಚನೆ ಮಾಡ್ತೀನಿ ಅಂದ. ಫೋನ್ ಇಟ್ಟ ಮೇಲೆ ರೂಮ್‌ಮೇಟ್‌ನ ನಂಬರ್ ಹುಡುಕಿದೆ. ಇನ್ನೂ ಹಾಸ್ಟೆಲ್‌ನಲ್ಲಿ ಕರೆಯುತ್ತಿದ್ದ ಅಡ್ಡಹೆಸರಿನಲ್ಲೇ ಸೇವ್ ಆಗಿದೆ.