ಬೀಗದ ಕಂಪನಿ ಬೇಡ, ಬಾಗಿಲೆಷ್ಟು ಹೇಳಿ

ಮನೆಯಲ್ಲೇ ಕೂತು ಬೇರೆಯವರ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗೆ ಗಿರಾಕಿಯಿಂದ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ: “ನಮ್ಮ ಕಡತಗಳು ನಿಮ್ಮ ಕಂಪ್ಯೂಟರಿನಲ್ಲಿವೆ. ನೀವು ಊರಲ್ಲಿಲ್ಲದಾಗಲೂ ಅದನ್ನು ತೆರೆದು ಕೆಲಸ ಮಾಡುತ್ತೀರಿ. ಹಾಗಾದರೆ ಬೇರೆಯವರೂ ತೆರೆಯಬಹುದಲ್ಲ?” ಪ್ರಶ್ನೆಯಲ್ಲಿ ಅನುಮಾನದ ವಾಸನೆ ಇದ್ದರೆ ಬೇಸರ ಪಡಬೇಕಾಗಿಲ್ಲ. ದೂರದಿಂದ ಪರದೆ ತೋರಿಸುವ ಎನಿಡೆಸ್ಕ್ ಆ್ಯಪನ್ನು ಹಾಕಿಸಿ ಯುಪಿಐ ಮೂಲಕ ಹಣ ದೋಚುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಮ್ಮಲ್ಲಿ ‘ರಿಮೋಟ್’ ಎಂಬ ಮಾತು ಕಿವಿಗೆ ಬೀಳುವುದೇ ಆ ಬಗೆಯ ಸುದ್ದಿಯ ಜೊತೆಗೆ. ಆದರೆ ಇದಕ್ಕೆ ಉತ್ತರವಾಗಿ ಹೋಗುವ ಪತ್ರ ಸಾಮಾನ್ಯವಾಗಿ ಜೀನಸಿನ ಚೀಟಿಯ ಹಾಗಿರುತ್ತದೆ: ಇಂಥ ಆಂಟಿವೈರಸ್, ಇಂಥ ವಿಪಿಎನ್, ಹದಿನಾರು ಅಕ್ಷರದ ಪಾಸ್‌ವರ್ಡ್. ಓದಿದ ಗಿರಾಕಿಗೆ ಬೀಗ ಮಾಡಿದ ಕಂಪನಿ ಯಾವುದೆಂದು ಗೊತ್ತಾಗುತ್ತದೆ, ಮನೆಗೆ ಬಾಗಿಲು ಎಷ್ಟಿವೆಯೆಂದು ಗೊತ್ತಾಗುವುದಿಲ್ಲ. ಬಾಗಿಲುಗಳನ್ನು ಒಂದೊಂದಾಗಿ ಎಣಿಸಿ, ಯಾವುದು ಯಾವಾಗ ತೆರೆದಿರುತ್ತದೆ ಎಂದು ಹೇಳುವ ಪತ್ರವೇ ಬರೆಯಲು ಯೋಗ್ಯವಾದದ್ದು ಎಂಬುದು ನನ್ನ ವಾದ. ಅದರಲ್ಲಿ ಮುಚ್ಚಲಾಗದ ಬಾಗಿಲೂ ಲೆಕ್ಕಕ್ಕೆ ಬರಬೇಕು.

ನೆಟ್ಟಣದ ಒಂದು ಮನೆಯನ್ನೇ ಊಹಿಸಿಕೊಳ್ಳೋಣ. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಮನೆ. ಅಲ್ಲೊಂದು ವಿಂಡೋಸ್ ಪ್ರೊ ಹಾಕಿದ ಡೆಸ್ಕ್‌ಟಾಪ್, ಫೈಬರ್ ಸಂಪರ್ಕ. ಯಜಮಾನಿ ಪುಸ್ತಕ ವಿನ್ಯಾಸ ಮಾಡುವವಳು, ಗಿರಾಕಿ ಬೆಂಗಳೂರಿನ ಪ್ರಕಾಶಕ. ಅವಳು ಮಂಗಳೂರಿಗೋ ಬೆಂಗಳೂರಿಗೋ ಹೋದಾಗ ಲ್ಯಾಪ್‌ಟಾಪಿನಿಂದ ಮನೆಯ ಯಂತ್ರವನ್ನು ಬಳಸುತ್ತಾಳೆ. (ಪ್ರೊ ಎಂದು ಹೇಳಿದ್ದಕ್ಕೆ ಕಾರಣವಿದೆ: ವಿಂಡೋಸ್ ಹೋಮ್ ಆವೃತ್ತಿ ತನ್ನ ಪರದೆಯನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೊರಗೆ ಕೊಡುವುದಿಲ್ಲ.) ಇಂಥ ಕಡೆ ಸಂಪರ್ಕ ಕೊಡುವ ಕಂಪನಿ ಬಹಳಷ್ಟು ಸಲ ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಹಂಚಿರುತ್ತದೆ. ರೂಟರಿನ ಪುಟದಲ್ಲಿ ಕಾಣುವ WAN ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮದೂ ಹಾಗೆಯೇ. ಹೊರಗಿನಿಂದ ನೇರ ಮನೆಗೆ ಬರಲು ಆ ವಿಳಾಸ ಸಾಲದು. ಕೊರಿಯರ್‌ನವನು ತೋಟದೊಳಗಿನ ಮನೆಯ ತನಕ ಬಾರದೆ ಪೇಟೆಯ ಅಂಗಡಿಯಲ್ಲಿ ಕಟ್ಟು ಇಟ್ಟು ಹೋಗುತ್ತಾನಲ್ಲ, ಹಾಗೆ. ಮನೆಯವರೇ ಹೋಗಿ ತರಬೇಕು.

ಈ ಅನನುಕೂಲವೇ ಒಳ್ಳೆಯ ಪದ್ಧತಿಯೊಂದನ್ನು ಕಲಿಸುತ್ತದೆ. ಮನೆಯ ಯಂತ್ರ ಬಾಗಿಲು ತೆರೆದು ಕಾಯುವುದಿಲ್ಲ, ತಾನೇ ಹೊರಗೆ ಕರೆ ಮಾಡುತ್ತದೆ. ಬಾಡಿಗೆಗೆ ಪಡೆದ ಒಂದು ಪುಟ್ಟ ಸರ್ವರ್ ಪೇಟೆಯ ಅಂಗಡಿಯಂತೆ ನಡುವೆ ಇರುತ್ತದೆ. ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡೂ ವೈರ್‌ಗಾರ್ಡ್ ಎಂಬ ಸುರಂಗದ ಮೂಲಕ ಆ ಸರ್ವರಿಗೆ ಬಂದು ಅಲ್ಲಿ ಸೇರುತ್ತವೆ. ಡೆಸ್ಕ್‌ಟಾಪಿನ ಕಡೆಯ ಮುಖ್ಯ ಸಾಲುಗಳು ಇಷ್ಟೇ:

```
[Peer]
PublicKey = (ಸರ್ವರಿನ ಕೀಲಿ)
Endpoint = hub.example.net:51820
AllowedIPs = 10.8.0.3/32
PersistentKeepalive = 25
```

ಕೊನೆಯ ಸಾಲು ಪ್ರತಿ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಸದ್ದು ಮಾಡಿಸುತ್ತದೆ. ಅದಿಲ್ಲದಿದ್ದರೆ ಸಂಪರ್ಕ ಕಂಪನಿಯ ಯಂತ್ರಗಳು ಈ ಕರೆಯನ್ನು ಮರೆತು ದಾರಿ ಮುಚ್ಚಿಬಿಡುತ್ತವೆ. ಅದರ ಮೇಲಿನ ಸಾಲಿನ ಅರ್ಥ, ಸುರಂಗದೊಳಗಿನಿಂದಲೂ 10.8.0.3 ಎಂಬ ಒಂದೇ ವಿಳಾಸದ, ಅಂದರೆ ಆ ಲ್ಯಾಪ್‌ಟಾಪಿನ, ಮಾತನ್ನು ಮಾತ್ರ ಕೇಳಬೇಕು. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ‘ಯಾರು?’ ಎಂದೂ ಕೇಳುವುದಿಲ್ಲ, ಸುಮ್ಮನಿರುತ್ತದೆ.

ಇಲ್ಲಿಗೆ “ನನ್ನ ಮನೆಗೆ ಹೊರವಿಳಾಸವೇ ಇಲ್ಲ, ಆದ್ದರಿಂದ ಕ್ಷೇಮ” ಎಂದು ಬರೆದು ಮುಗಿಸುವವರಿದ್ದಾರೆ. ತಿಳಿದ ಗಿರಾಕಿ ಈ ಮಾತನ್ನು ಒಪ್ಪಬಾರದು. ಹಂಚಿಕೊಂಡ ವಿಳಾಸದ ಕತೆ ಹಳೆಯ ಐಪಿವಿ4ರದ್ದು. ಅದೇ ಫೈಬರಿನಲ್ಲಿ ಐಪಿವಿ6 ಕೂಡ ಬರುತ್ತಿದ್ದರೆ ಮನೆಯ ಪ್ರತಿ ಯಂತ್ರಕ್ಕೂ ಜಗತ್ತಿನಲ್ಲಿ ಒಂದೇ ಒಂದಾದ ಸ್ವಂತ ವಿಳಾಸವಿರುತ್ತದೆ. ಆಗ ಅಡ್ಡ ನಿಲ್ಲುವುದು ರೂಟರಿನ ಫೈರ್‌ವಾಲ್ ಮಾತ್ರ, ಅದು ಹೇಗಿದೆಯೆಂದು ಯಾರೂ ನೋಡಿರುವುದಿಲ್ಲ. ವಿಂಡೋಸಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಗುಂಡಿ ಒತ್ತಿದ ಕೂಡಲೇ ಅದರ ಫೈರ್‌ವಾಲ್ 3389ನೇ ಪೋರ್ಟಿಗೆ ಎಲ್ಲಿಂದ ಬಂದರೂ ಬಿಡುವ ನಿಯಮವನ್ನು ಚಾಲೂ ಮಾಡುತ್ತದೆ. ಆ ನಿಯಮದ Scope ಪುಟಕ್ಕೆ ಹೋಗಿ 10.8.0.3 ಒಂದನ್ನೇ ಬರೆಯಬೇಕು. ಬರೆದ ಮೇಲೆ ಪರೀಕ್ಷೆಯೂ ಆಗಬೇಕು: ಲ್ಯಾಪ್‌ಟಾಪನ್ನು ಐಪಿವಿ6 ಇರುವ ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ, ಸುರಂಗ ಬಂದ್ ಮಾಡಿ, ಮನೆಯ ಯಂತ್ರದ ಐಪಿವಿ6 ವಿಳಾಸಕ್ಕೆ `Test-NetConnection` ಆಜ್ಞೆಯನ್ನು `-Port 3389` ಸೇರಿಸಿ ಕೊಟ್ಟರೆ `TcpTestSucceeded : False` ಎಂದು ಬರಬೇಕು. ಸುರಂಗ ಚಾಲೂ ಮಾಡಿ ಮನೆಯ ಒಳವಿಳಾಸ 10.8.0.2ಕ್ಕೆ ಅದನ್ನೇ ಕೊಟ್ಟರೆ `True` ಬರಬೇಕು. ಎರಡನೆಯದು ಬಾರದಿದ್ದರೆ ಮೊದಲನೆಯ `False`ಗೆ ಬೆಲೆಯಿಲ್ಲ, ಯಂತ್ರವೇ ಆಫ್ ಆಗಿದ್ದಿರಬಹುದು. ಈ ಎರಡು ಉತ್ತರಗಳನ್ನು ತಾರೀಕಿನ ಸಮೇತ ಪತ್ರದಲ್ಲಿ ಹಾಕಿದರೆ ಆಂಟಿವೈರಸ್ಸಿನ ಹೆಸರಿಗಿಂತ ಹೆಚ್ಚು ತೂಕ.

“ಇಷ್ಟೆಲ್ಲ ಯಾಕೆ ಮಾರಾಯ್ರೆ, ಎನಿಡೆಸ್ಕ್ ಹಾಕಿದರೆ ಎರಡು ನಿಮಿಷದ ಕೆಲಸ” ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಅಂಥ ತಂತ್ರಾಂಶ ಕೂಡ ಹೊರಗೆ ಕರೆ ಮಾಡಿಯೇ ಕೆಲಸ ಮಾಡುವುದು, ಸಂಕೇತೀಕರಣವೂ ಇದೆ. ಕೈಯಿಂದ ಹೊಂದಿಸುವಾಗ ಆಗುವ ತಪ್ಪು ಅಲ್ಲಿ ಆಗುವುದಿಲ್ಲ. ಆದರೆ ಬಾಗಿಲ ಲೆಕ್ಕಕ್ಕೆ ಇನ್ನೊಬ್ಬ ಸೇರುತ್ತಾನೆ. ತನ್ನ ಸರ್ವರುಗಳೊಳಗೆ ಹೊರಗಿನವರು ನುಗ್ಗಿದ್ದಾರೆಂದು ಎನಿಡೆಸ್ಕ್ ಕಂಪನಿಯೇ 2024ರ ಫೆಬ್ರವರಿಯಲ್ಲಿ ತಿಳಿಸಿ, ತಂತ್ರಾಂಶಕ್ಕೆ ಸಹಿ ಹಾಕುವ ಪ್ರಮಾಣಪತ್ರವನ್ನು ಬದಲಿಸಬೇಕಾಯಿತು. ಹಾಗೆಂದು ಬಾಡಿಗೆ ಸರ್ವರಿನ ದಾರಿ ಮಧ್ಯವರ್ತಿಯಿಲ್ಲದ್ದೇನೂ ಅಲ್ಲ. ಲ್ಯಾಪ್‌ಟಾಪಿನಿಂದ ಬಂದ ಸುರಂಗ ಆ ಸರ್ವರಿನಲ್ಲಿ ಬಿಚ್ಚಿ, ಮನೆಯ ಕಡೆಯ ಸುರಂಗಕ್ಕೆ ಮತ್ತೆ ಕಟ್ಟಲ್ಪಡುತ್ತದೆ. ಬಿಚ್ಚಿದ ಕ್ಷಣದಲ್ಲಿ ಗುಟ್ಟು ಉಳಿಯುವುದು ಒಳಗೆ ಹರಿಯುವ ರಿಮೋಟ್ ಡೆಸ್ಕ್‌ಟಾಪಿಗೂ ತನ್ನದೇ ಸಂಕೇತೀಕರಣ ಇರುವುದರಿಂದ. ಹಾಗಾಗಿ ಯಂತ್ರದ ಪ್ರಮಾಣಪತ್ರ ಬದಲಾಗಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದ ದಿನ ‘ಯೆಸ್’ ಒತ್ತಿ ಮುಂದೆ ಹೋಗಬಾರದು. ಪತ್ರದಲ್ಲಿ ಈ ಸರ್ವರಿನ ಇರವನ್ನು ಮುಚ್ಚಿಡುವುದು ತಪ್ಪು.

ಇನ್ನೊಂದು ಬಾಗಿಲು ಯಾರ ಕಣ್ಣಿಗೂ ಬೀಳದಂಥದ್ದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ದಾಟಿ ಬರುವುದು ಪರದೆಯ ಚಿತ್ರ, ಕಡತವಲ್ಲ. ಕಡತ ನೆಟ್ಟಣದಲ್ಲೇ ಇರುತ್ತದೆ. ಆದರೆ ಲ್ಯಾಪ್‌ಟಾಪಿನ ಡ್ರೈವನ್ನು ಮನೆಯ ಯಂತ್ರಕ್ಕೆ ಜೋಡಿಸುವ ಆಯ್ಕೆ ಮತ್ತು ಎರಡಕ್ಕೂ ಒಂದೇ ಕ್ಲಿಪ್‌ಬೋರ್ಡ್ ಇರುವ ಆಯ್ಕೆ ಚಾಲೂ ಇದ್ದರೆ, ಒಂದು ಕಾಪಿ–ಪೇಸ್ಟಿನಲ್ಲಿ ಹಸ್ತಪ್ರತಿ ಲ್ಯಾಪ್‌ಟಾಪಿಗೆ ಬಂದು ಕೂರುತ್ತದೆ. ಮನೆಯ ಕಡೆಯಿಂದಲೇ ಅವೆರಡನ್ನು ಬಂದ್ ಮಾಡಿದ್ದರೆ ಮಾತ್ರ “ನಿಮ್ಮ ಕಡತ ಪ್ರಯಾಣ ಮಾಡುವುದಿಲ್ಲ” ಎಂದು ಬರೆಯಬಹುದು.

ಇಲ್ಲಿಯ ತನಕದ್ದು ಯಾವ ಊರಿಗೂ ಹೊಂದುತ್ತದೆ. ನೆಟ್ಟಣದ ನಿಜವಾದ ಕಷ್ಟ ಕರೆಂಟಿನದ್ದು. ಮಳೆಗಾಲದಲ್ಲಿ ಕಂಗು ಮುರಿದು ತಂತಿಯ ಮೇಲೆ ಬಿದ್ದರೆ ಯುಪಿಎಸ್ ಎಷ್ಟು ಹೊತ್ತು ತಡೆದೀತು? ಯಂತ್ರ ನಿಲ್ಲುತ್ತದೆ. ಕರೆಂಟ್ ಬಂದಾಗ ತಾನೇ ಏಳುವಂತೆ ಬಯೋಸಿನಲ್ಲಿ ಹೊಂದಿಸಬಹುದು. ಆದರೆ ಕಳ್ಳತನಕ್ಕೆ ಹೆದರಿ ಡಿಸ್ಕಿಗೆ ಬಿಟ್‌ಲಾಕರ್ ಹಾಕಿ, ಶುರುವಿಗೇ ಪಿನ್ ಕೇಳುವಂತೆ ಮಾಡಿದ್ದರೆ ಎದ್ದ ಯಂತ್ರ ನೀಲಿ ಪರದೆಯಲ್ಲಿ ಪಿನ್ ಕಾಯುತ್ತಾ ಕೂರುತ್ತದೆ. ವೈರ್‌ಗಾರ್ಡ್ ಇನ್ನೂ ಎದ್ದಿರುವುದಿಲ್ಲ, ಮಂಗಳೂರಿನಲ್ಲಿರುವವಳಿಗೆ ದಾರಿಯಿಲ್ಲ. ಮನೆಯಲ್ಲಿರುವ ಅತ್ತೆಗೆ ಪಿನ್ ಹೇಳಿಕೊಟ್ಟರೆ ಅದು ಕ್ಯಾಲೆಂಡರಿನ ಹಿಂದೆ ಬರೆದ ಅಂಕಿಯಾಗುತ್ತದೆ. ಪಿನ್ ತೆಗೆದರೆ ಯಂತ್ರ ಕದ್ದವನಿಗೂ ಅದು ಲಾಗಿನ್ ಪರದೆಯ ತನಕ ಎದ್ದು ಬರುತ್ತದೆ. ಕ್ಷೇಮ ಮತ್ತು ಕೈಗೆಟುಕುವಿಕೆ ಎರಡೂ ಒಟ್ಟಿಗೆ ಬೇಕೆಂದರೆ ಮನೆಯೊಳಗೇ ಇನ್ನೊಂದು ಕೋಣೆ ಕಟ್ಟಬೇಕು. ವಿಂಡೋಸ್ ಇರುವ C: ಪಿನ್ ಇಲ್ಲದ ಬಿಟ್‌ಲಾಕರಿನಲ್ಲಿ ತಾನೇ ಏಳಲಿ. ಗಿರಾಕಿಯ ಕಡತಗಳು D: ಡ್ರೈವಿನಲ್ಲಿ, ಬೇರೆ ಪಾಸ್‌ವರ್ಡಿನ ಬಿಟ್‌ಲಾಕರಿನೊಳಗೆ, ತಾನಾಗಿ ತೆರೆಯುವ ಆಯ್ಕೆ ಇಲ್ಲದೆ ಇರಲಿ. ಆಗ ಪ್ರತಿ ಕರೆಂಟ್ ಕಡಿತವೂ ಆ ಕೋಣೆಗೆ ಬೀಗ ಜಡಿದು ಹೋಗುತ್ತದೆ, ಯಜಮಾನಿ ದೂರದಿಂದ ಒಳಬಂದ ಮೇಲೆ ಪಾಸ್‌ವರ್ಡ್ ಕೊಟ್ಟು ತೆರೆಯುತ್ತಾಳೆ.

ಇದರಲ್ಲೂ ಒಂದು ತೂತು ಉಳಿಯುತ್ತದೆ. ಅವಳು ಬೆಂಗಳೂರಿನ ರೈಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದಾಳೆ ಎನ್ನಿ. ಸಕಲೇಶಪುರದ ತನಕದ ಘಾಟಿಯಲ್ಲಿ 57 ಸುರಂಗಗಳು, ಮೊದಲ ಒಂದೆರಡರಲ್ಲೇ ಸಂಪರ್ಕ ಕಡಿಯುತ್ತದೆ. ರಿಮೋಟ್ ಡೆಸ್ಕ್‌ಟಾಪಿನ ದೊಡ್ಡ ಗುಣವೆಂದರೆ ಆಗಲೂ ಮನೆಯಲ್ಲಿ ಕೆಲಸ ನಿಂತ ಜಾಗದಲ್ಲೇ ತೆರೆದಿರುತ್ತದೆ. ದೋಷವೂ ಅದೇ: ಪರದೆಗೆ ಬೀಗ ಬೀಳುತ್ತದೆ, D: ಗೆ ಬೀಳುವುದಿಲ್ಲ. ಹಾಗಾಗಿ ಸಂಪರ್ಕ ಕಡಿದು ಅರ್ಧ ಗಂಟೆಯಾದರೂ ಮರಳದಿದ್ದರೆ `manage-bde -lock D: -ForceDismount` ನಡೆಸುವ ಪುಟ್ಟ ಸ್ಕ್ರಿಪ್ಟ್ ಬೇಕು. ಉಳಿಸದ ಕೆಲಸ ಅದರಿಂದ ಹಾಳಾಗಬಹುದು, ಅದಕ್ಕೇ ಅರ್ಧ ಗಂಟೆಯ ಬಿಡುವು. ಆ ಅರ್ಧ ಗಂಟೆ ಕೋಣೆ ತೆರೆದಿರುತ್ತದೆ ಎಂದೂ ಪತ್ರ ಹೇಳಬೇಕು.

ಹೀಗೆಲ್ಲ ಒಪ್ಪಿಕೊಂಡರೆ ಗಿರಾಕಿ ಹೆದರಿ ಓಡಿಹೋಗುತ್ತಾನೆ, ಅಲ್ಲದೆ ಇಷ್ಟು ವಿವರ ಕಳ್ಳನಿಗೆ ನಕ್ಷೆ ಕೊಟ್ಟಂತೆ ಎನ್ನುವವರಿದ್ದಾರೆ. ನಕ್ಷೆಯ ಮಾತು ಅಷ್ಟು ಸರಿಯಲ್ಲ. ಈ ಏರ್ಪಾಡಿನ ಬಲವಿರುವುದು ಕೀಲಿ ಮತ್ತು ಪಾಸ್‌ವರ್ಡಿನಲ್ಲಿ. ಅವನ್ನೂ ಸರ್ವರಿನ ವಿಳಾಸವನ್ನೂ ಪತ್ರದಲ್ಲಿ ಬರೆಯುವುದಿಲ್ಲ. ಹೆದರಿಕೆಯ ಮಾತಿಗೆ ಉತ್ತರ ಕಾನೂನಿನಲ್ಲಿದೆ. ಭದ್ರತಾ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ತನಗೆ ತಿಳಿಸಬೇಕೆಂದು ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ನೆಟ್ಟಣದಿಂದ ಫೋನ್ ಹೋದಾಗ ಪ್ರಕಾಶಕರ ಕೈಯಲ್ಲಿ ಯಾವ ಕಡತ ಎಲ್ಲಿತ್ತು, ಯಾವ ಬಾಗಿಲು ತೆರೆದಿತ್ತು ಎಂಬ ಹಾಳೆ ಮೊದಲೇ ಇದ್ದರೆ ಆ 6 ಗಂಟೆ ಸಾಕಾಗುತ್ತದೆ.

ಆದ್ದರಿಂದ ಲ್ಯಾಪ್‌ಟಾಪ್ ಕಳೆದರೆ ಏನು ಮಾಡುತ್ತೇನೆಂಬ ಪರಿಚ್ಛೇದ ಇರಲೇಬೇಕು. ನಡುವಿನ ಸರ್ವರಿನಲ್ಲಿ ಒಂದು ಸಾಲು, ಫೋನಿನಿಂದಲೂ ಕೊಡಬಹುದು:

```
wg set wg0 peer (ಲ್ಯಾಪ್‌ಟಾಪಿನ ಕೀಲಿ) remove
```

ಆ ಕ್ಷಣದಿಂದ ಕಳೆದ ಲ್ಯಾಪ್‌ಟಾಪ್ ಸುರಂಗಕ್ಕೆ ಅಪರಿಚಿತ. ಆದರೆ ಈ ಆಜ್ಞೆ ತೆಗೆಯುವುದು ಓಡುತ್ತಿರುವ ಪಟ್ಟಿಯಿಂದ ಮಾತ್ರ. ಸಂರಚನೆಯ ಕಡತದಲ್ಲಿ ಆ ಕೀಲಿ ಹಾಗೇ ಉಳಿದಿದ್ದರೆ, ಸರ್ವರ್ ಮುಂದೊಮ್ಮೆ ಮರುಚಾಲೂ ಆದಾಗ ಕಳ್ಳನ ಕೈಯ ಲ್ಯಾಪ್‌ಟಾಪಿಗೆ ದಾರಿ ಮತ್ತೆ ತೆರೆಯುತ್ತದೆ. ಎರಡೂ ಕಡೆ ಅಳಿಸಿ, `wg show` ಪಟ್ಟಿಯಲ್ಲಿ ಆ ಕೀಲಿ ಇಲ್ಲವೆಂದು ನೋಡಿ, ಆಮೇಲೆ ಗಿರಾಕಿಗೆ ಫೋನ್.

ಪತ್ರದ ಕೊನೆಯ ಸಾಲಿಗೆ ಯಾವ ತಂತ್ರಾಂಶವೂ ಬೇಡ. ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಘಟ್ಟದ ಕಡೆ ಗುಡುಗು ಕೇಳಿದ ಕೂಡಲೇ ಈ ಸೀಮೆಯ ಮನೆಗಳಲ್ಲಿ ಟಿವಿಯಿಂದ ಹಿಡಿದು ಮೋಡೆಮಿನ ತನಕ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ಹಾಗೆ ಕಿತ್ತ ಯಂತ್ರವನ್ನು ದೂರದಿಂದ ಎಬ್ಬಿಸುವ ಉಪಾಯವಿಲ್ಲ. “ಸಿಡಿಲಿನ ಸಂಜೆ ನನ್ನ ಕಂಪ್ಯೂಟರ್ ನಿಮಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ, ಪ್ರೂಫ್ ಮರುದಿನ ಬೆಳಿಗ್ಗೆ ಬರುತ್ತದೆ.”