ನೂರಕ್ಕೆ ನೂರು ಬೋನಸ್: ಒಂದು ಜಾಹೀರಾತಿನ ಓದು

ಕ್ರಿಕೆಟ್ ಸೀಸನ್ ಶುರುವಾದರೆ ಮೊಬೈಲಿಗೆ ಒಂದೇ ಬಗೆಯ ಚಿತ್ರಗಳು ಬರತೊಡಗುತ್ತವೆ. ಬ್ಯಾಟ್ ಎತ್ತಿದ ಆಟಗಾರ, ಹಿಂದೆ ನೋಟಿನ ಕಂತೆ, ಮಧ್ಯದಲ್ಲಿ ದಪ್ಪ ಅಕ್ಷರ: ‘ಮೊದಲ ಡೆಪಾಸಿಟ್‌ಗೆ 100% ಬೋನಸ್. ₹1,000 ಹಾಕಿ, ₹2,000 ಇಟ್ಟುಕೊಂಡು ಆಡಿ. ತಕ್ಷಣ ವಿತ್‌ಡ್ರಾ.’ ಮೂಲೆಯಲ್ಲಿ ‘18+’, ಅದರ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದ ‘ಷರತ್ತುಗಳು ಅನ್ವಯ’. ಇದು ಯಾವುದೋ ಒಂದು ಕಂಪನಿಯ ಜಾಹೀರಾತಲ್ಲ. ಹಲವು ಬೆಟ್ಟಿಂಗ್ ಆ್ಯಪ್‌ಗಳ ಮಾತನ್ನು ಒಂದೆಡೆ ಜೋಡಿಸಿಕೊಂಡಿದ್ದೇನೆ. ಇದನ್ನು ಒಂದು ಬರಹದಂತೆ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಓದಿದರೆ ಅದು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ಹೆಚ್ಚು ತೂಕದ್ದು ಎಂದು ಗೊತ್ತಾಗುತ್ತದೆ.

ಬೋನಸ್ಸಿನಿಂದಲೇ ಆರಂಭಿಸೋಣ. ಓದುವವರು ಇದನ್ನು ಕೈಗೆ ಬಂದ ಹಣ ಎಂದುಕೊಳ್ಳುತ್ತಾರೆ. ಷರತ್ತಿನ ಪುಟ ತೆರೆದರೆ ಅಲ್ಲಿ ‘ವೇಜರಿಂಗ್’ ಅಥವಾ ‘ರೋಲ್‌ಓವರ್’ ಎಂಬ ಮಾತು ಸಿಗುತ್ತದೆ. ಹಣ ಹಿಂಪಡೆಯುವ ಮೊದಲು ಇಂತಿಷ್ಟು ಮೊತ್ತದ ಬಾಜಿ ಕಟ್ಟಿ ಮುಗಿಸಿರಬೇಕು ಎಂಬುದು ಅದರ ಅರ್ಥ. ಷರತ್ತು ‘ಡೆಪಾಸಿಟ್ ಮತ್ತು ಬೋನಸ್ ಸೇರಿ 20 ಪಟ್ಟು, 7 ದಿನದೊಳಗೆ’ ಎಂದಿದೆ ಎಂದುಕೊಳ್ಳಿ. ಖಾತೆಯಲ್ಲಿ ಕಾಣುವ ₹2,000ಕ್ಕೆ 20 ಪಟ್ಟು ಎಂದರೆ ₹40,000. ಸಾವಿರ ರೂಪಾಯಿ ಹಾಕಿದವನು ವಾರದೊಳಗೆ ₹40,000ದ ಬಾಜಿ ಕಟ್ಟಬೇಕು, ಅಂದರೆ ದಿನಕ್ಕೆ ಐದೂವರೆ ಸಾವಿರಕ್ಕೂ ಹೆಚ್ಚು. ಅಲ್ಲಿಯವರೆಗೆ ‘ತಕ್ಷಣ ವಿತ್‌ಡ್ರಾ’ ಎಂಬ ಮಾತು ಅವನಿಗೆ ಅನ್ವಯಿಸುವುದೇ ಇಲ್ಲ.

ಆ ₹40,000 ಹೋಗಿಬರುವ ದಾರಿಯಲ್ಲಿ ಏನಾಗುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಟಾಸ್ ಯಾರು ಗೆಲ್ಲುತ್ತಾರೆ ಎಂಬ ಬಾಜಿಯನ್ನೇ ನೋಡಿ. ಎರಡೂ ತಂಡಕ್ಕೆ ಸಮಾನ ಅವಕಾಶ. ಲೆಕ್ಕ ನೇರವಾಗಿದ್ದರೆ ₹100 ಕಟ್ಟಿ ಗೆದ್ದವನಿಗೆ ₹200 ಬರಬೇಕು. ಆದರೆ ಆ್ಯಪ್‌ನಲ್ಲಿ ಎರಡೂ ಕಡೆಗೆ 1.90 ಎಂಬ ದರ ಇದ್ದರೆ ಗೆದ್ದವನಿಗೆ ಬರುವುದು ₹190. ಎರಡೂ ಕಡೆ ತಲಾ ₹100 ಕಟ್ಟಿದರೆ ₹200 ಹೋಗಿ ₹190 ಮಾತ್ರ ವಾಪಸಾಗುತ್ತದೆ. ಟಾಸ್ ಹೇಗೇ ಬೀಳಲಿ, ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ ₹5 ಆ್ಯಪ್‌ನವರಿಗೆ. ₹40,000ಕ್ಕೆ ಈ ಲೆಕ್ಕ ಹಾಕಿದರೆ ₹2,000 ಆಗುತ್ತದೆ. ಅವರು ಕೊಟ್ಟ ಸಾವಿರವೂ ನೀವು ಹಾಕಿದ ಸಾವಿರವೂ ಸೇರಿದರೆ ಅಷ್ಟೇ. ಇದು ಸರಾಸರಿ. ಅದೃಷ್ಟ ಕೂಡಿಬಂದ ಕೆಲವರು ಷರತ್ತು ಮುಗಿಸಿ ಲಾಭದಲ್ಲೇ ಹೊರಬರಬಹುದು. ಬಹಳಷ್ಟು ಮಂದಿಯ ಖಾತೆ, ಕಟ್ಟಿದ ಬಾಜಿ ₹40,000 ತಲುಪುವ ಮೊದಲೇ ಬರಿದಾಗುತ್ತದೆ. ಗೆದ್ದ ಕೆಲವರ ಮುಖವೇ ಮುಂದಿನ ಜಾಹೀರಾತಿನಲ್ಲಿ ಬರುತ್ತದೆ.

ಷರತ್ತು ಓದುವಾಗ ಒಂದು ಪದದ ಮೇಲೆ ಕಣ್ಣಿರಲಿ. 20 ಪಟ್ಟು ಎಂಬುದು ‘ಬೋನಸ್‌ಗೆ’ ಮಾತ್ರವೇ ಅಥವಾ ‘ಡೆಪಾಸಿಟ್ ಮತ್ತು ಬೋನಸ್’ಗೆ ಸೇರಿಯೇ? ಮೊದಲನೆಯದಾದರೆ ₹20,000, ಎರಡನೆಯದಾದರೆ ₹40,000. ಜಾಹೀರಾತಿನಲ್ಲಿ ಎರಡೂ ‘100% ಬೋನಸ್’ ಎಂದೇ ಕಾಣುತ್ತವೆ.

ಇನ್ನು ‘ಗೆಲುವು ಖಚಿತ’ ಎನ್ನುವವರ ಮಾತು. ಟೆಲಿಗ್ರಾಂ ಗುಂಪುಗಳಲ್ಲಿ ‘ಆರಕ್ಕೆ ಆರು ಪಂದ್ಯ ಸರಿ ಹೇಳಿದ್ದೇವೆ’ ಎಂಬ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಅದು ತಿದ್ದಿದ ಚಿತ್ರವೇ ಆಗಿರಬೇಕೆಂದಿಲ್ಲ, ಪಂದ್ಯದ ಗುಟ್ಟು ಏನೂ ಗೊತ್ತಿಲ್ಲದೆಯೂ ಅದನ್ನು ಹುಟ್ಟಿಸಬಹುದು. 1,024 ಜನರಲ್ಲಿ ಅರ್ಧ ಜನಕ್ಕೆ ‘ಈ ತಂಡ’, ಉಳಿದರ್ಧಕ್ಕೆ ‘ಆ ತಂಡ’ ಎಂದು ಸಂದೇಶ ಕಳಿಸಿದರೆ ಪಂದ್ಯ ಮುಗಿದಾಗ 512 ಮಂದಿಗೆ ಸರಿಯಾದ ಉತ್ತರ ಹೋಗಿರುತ್ತದೆ. ತಪ್ಪು ಉತ್ತರ ಪಡೆದವರನ್ನು ಕೈಬಿಟ್ಟು ಮುಂದಿನ ಪಂದ್ಯಕ್ಕೆ ಈ 512 ಮಂದಿಯನ್ನು ಮತ್ತೆ ಎರಡು ಮಾಡುತ್ತಾರೆ. ಆರು ಪಂದ್ಯ ಕಳೆಯುವಾಗ 16 ಮಂದಿ ಉಳಿಯುತ್ತಾರೆ. ಅವರ ಪಾಲಿಗೆ ಈ ಮನುಷ್ಯ ಒಮ್ಮೆಯೂ ತಪ್ಪು ಹೇಳಿಲ್ಲ. ಏಳನೆಯ ಪಂದ್ಯಕ್ಕೆ ಅವರು ಸಾಲ ಮಾಡಿಯಾದರೂ ಹಣ ಹಾಕುತ್ತಾರೆ. ಕೈಬಿಟ್ಟ 1,008 ಮಂದಿಯ ಅನುಭವ ಇವರಿಗೆ ಎಂದೂ ತಿಳಿಯುವುದಿಲ್ಲ. ಬಹಿರಂಗ ಗುಂಪಿನಲ್ಲಾದರೆ ಇಷ್ಟು ಶ್ರಮವೂ ಬೇಡ, ತಪ್ಪಿದ ಭವಿಷ್ಯವನ್ನು ಅಳಿಸಿಹಾಕಿದರೆ ಮುಗಿಯಿತು.

ಉಚಿತವಾಗಿ ಟಿಪ್ ಕೊಡುವವನ ಸಂಪಾದನೆ ಎಲ್ಲಿಂದ ಎಂದು ಕೇಳಿ. ಈ ವ್ಯವಹಾರದಲ್ಲಿ ಎರಡು ಪದ್ಧತಿಗಳು ಸಾಮಾನ್ಯ. ಅವನ ಲಿಂಕ್ ಒತ್ತಿ ಖಾತೆ ತೆರೆದ ತಲೆಗೆ ಇಷ್ಟು ಎಂಬುದು ಒಂದು. ಆ ಗಿರಾಕಿಗಳು ಸೋತ ಹಣದಲ್ಲಿ ಶೇಕಡಾ ಇಷ್ಟು ಎಂಬುದು ಇನ್ನೊಂದು. ಎರಡನೆಯ ಪದ್ಧತಿಯಲ್ಲಿ ನಿಮಗೆ ಗೆಲುವಿನ ದಾರಿ ತೋರಿಸುತ್ತೇನೆ ಎನ್ನುವವನಿಗೆ ನೀವು ಸೋತರೆ ಮಾತ್ರ ದುಡ್ಡು. ಜಾಹೀರಾತು ಈ ಸಂಗತಿಯನ್ನು ಮುಚ್ಚಿಡುವುದನ್ನು ನಾನು ಬರಿಯ ಅತಿಶಯೋಕ್ತಿ ಎಂದು ಬಿಟ್ಟುಬಿಡಲಾರೆ. ಇದು ವಂಚನೆ.

ಮೂಲೆಯ ‘18+’ ನೋಡಲು ಎಚ್ಚರಿಕೆಯಂತಿದೆ. ಪರಿಣಾಮದಲ್ಲಿ ಅದು ಬೇರೆಯೇ ಕೆಲಸ ಮಾಡುತ್ತದೆ: ಹದಿನೆಂಟು ದಾಟಿದವರಿಗೆ ಇದು ಕಾನೂನುಬದ್ಧ ಎಂಬ ಭಾವನೆ ಹುಟ್ಟಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಅವುಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಸೆರೆ ಅಥವಾ ₹50 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆಡುವವನ ವಯಸ್ಸು ಎಷ್ಟಿದ್ದರೂ ಈ ನಿಷೇಧ ಬದಲಾಗುವುದಿಲ್ಲ. ದೂರದ ಯಾವುದೋ ದ್ವೀಪದ ಲೈಸೆನ್ಸ್ ಮುದ್ರೆ ಹಾಕಿಕೊಂಡರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ.

ವಯಸ್ಸನ್ನು ಯಾವಾಗ ಕೇಳುತ್ತಾರೆ ಎಂಬುದನ್ನೂ ಗಮನಿಸಬೇಕು. ಹಣ ಹಾಕುವಾಗ ‘ನನಗೆ 18 ತುಂಬಿದೆ’ ಎಂಬಲ್ಲಿ ಒಂದು ಟಿಕ್ ಸಾಕಾಗುವ ಆ್ಯಪ್‌ಗಳಿವೆ. ಆಧಾರ್, ಪ್ಯಾನ್ ಕೇಳುವುದು ಹಣ ತೆಗೆಯಲು ಹೋದಾಗ. ಅಪ್ಪನ ಫೋನಿನಿಂದ ಆಡಿದ ಹದಿನಾರರ ಹುಡುಗ ಸೋತರೆ ಯಾರೂ ವಯಸ್ಸು ಕೇಳುವುದಿಲ್ಲ. ಗೆದ್ದರೆ, ವಯಸ್ಸು ತುಂಬಿಲ್ಲ ಎಂಬ ಷರತ್ತು ತೋರಿಸಿ ಖಾತೆ ಮುಚ್ಚಬಹುದು. ಮಕ್ಕಳನ್ನು ದೂರವಿಡುವ ಉದ್ದೇಶ ನಿಜವಾಗಿದ್ದರೆ ಈ ತಪಾಸಣೆ ಮೊದಲ ರೂಪಾಯಿ ಒಳಗೆ ಹೋಗುವ ಮೊದಲೇ ಆಗುತ್ತಿತ್ತು.

ವಯಸ್ಕ ಗೆದ್ದರೂ ಹಣ ಕೈಸೇರುತ್ತದೆ ಎಂಬ ಭರವಸೆ ಕಾನೂನಿನಲ್ಲಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು, ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಆ್ಯಪ್ ಕೊಡದಿದ್ದರೆ ನ್ಯಾಯಾಲಯದ ಬಾಗಿಲಿಗೆ ಹೋಗಿಯೂ ಉಪಯೋಗವಿಲ್ಲ. ‘ತಕ್ಷಣ ವಿತ್‌ಡ್ರಾ’ ಎಂದು ಬರೆದವರಿಗೆ ಇದು ತಿಳಿದಿರುವುದಿಲ್ಲ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮನೆಯ ಹುಡುಗರು ಇಂಥ ಜಾಹೀರಾತು ತೋರಿಸಿದರೆ ಬೈದು ಫೋನ್ ಕಸಿದುಕೊಳ್ಳುವ ಮೊದಲು ಅವರ ಜೊತೆ ಕೂತು ಆ 1.90ರ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಹಣ ಈಗಾಗಲೇ ಹೋಗಿದ್ದರೆ ಅದನ್ನು ಮರಳಿ ಗಳಿಸಲು ಇನ್ನಷ್ಟು ಕಟ್ಟಬೇಡಿ. ವಂಚನೆ ಎನಿಸಿದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಆಟ ಬಿಡಲಾಗುತ್ತಿಲ್ಲ, ನಿದ್ದೆ ಬರುತ್ತಿಲ್ಲ ಎನ್ನುವವರಿಗೆ ಟೆಲಿಮನಸ್ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.