ಮುರಿದ ಡಿಎನ್‌ಎ ಬೆಸೆಯುವ ಕಲೆ: ರಸಿಕರಿಗೊಂದು ಕೈಪಿಡಿ

ಡಿಎನ್‌ಎಯ ಎರಡೂ ಎಳೆಗಳು ಒಂದೇ ಜಾಗದಲ್ಲಿ ಕಡಿದುಹೋದರೆ ಜೀವಕೋಶಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ತುದಿಗಳನ್ನು ನೇರವಾಗಿ ಬೆಸೆಯುವುದು ಎನ್‌ಎಚ್‌ಇಜೆ. ಅದೇ ಅಕ್ಷರಸಾಲು ಇರುವ ಇನ್ನೊಂದು ಪ್ರತಿಯನ್ನು ಹುಡುಕಿ, ಅದನ್ನು ನೋಡಿ ಬರೆದುಕೊಳ್ಳುವುದು ಹೋಮೋಲಾಗಸ್ ರಿಕಾಂಬಿನೇಷನ್, ಅಂದರೆ ಎಚ್‌ಆರ್. ಇವುಗಳ ಗುರುತು ಹಿಡಿಯಲು ಡಿಆರ್-ಜಿಎಫ್‌ಪಿ ಪ್ರಯೋಗ ಒಳ್ಳೆಯ ಪಾಠ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಮರಿಯಾ ಜೇಸಿನ್ ಅವರ ತಂಡ ರೂಪಿಸಿದ ಇದು 1999ರಲ್ಲಿ ಪ್ರಕಟವಾಯಿತು.

ಮೊದಲು ತುದಿಗಳನ್ನು ಗಮನಿಸಿ. ಕಡಿದ ತುದಿಗೆ ಕೂಡಲೇ ಕು ಎಂಬ ಉಂಗುರದಾಕಾರದ ಪ್ರೋಟೀನು ಬಂದು ಕೂರುತ್ತದೆ. ಅದು ಅಲ್ಲೇ ಉಳಿದರೆ ಲೈಗೇಸ್-4 ಬಂದು ತುದಿಗಳನ್ನು ಬೆಸೆಯುತ್ತದೆ. ಎಚ್‌ಆರ್ ಆಗಬೇಕಾದರೆ ಪ್ರತಿ ತುದಿಯಲ್ಲೂ ಒಂದು ಎಳೆಯನ್ನು ಕೊರೆದು ಹಿಂದಕ್ಕೆ ಸರಿಸಬೇಕು. ಹೀಗೆ ಬರಿದಾದ ಒಂಟಿ ಎಳೆಯ ಮೇಲೆ ಬಿಆರ್‌ಸಿಎ2 ಪ್ರೋಟೀನು ರಾಡ್51 ಅನ್ನು ಸಾಲಾಗಿ ಕೂರಿಸುತ್ತದೆ. ಆ ಸಾಲು ಜೋಡಿ ಪ್ರತಿಯನ್ನು ಹುಡುಕುತ್ತದೆ. ಡಿಎನ್‌ಎ ನಕಲಾದ ಮೇಲಷ್ಟೇ ಸೋದರ ಪ್ರತಿ ಪಕ್ಕದಲ್ಲಿರುವುದರಿಂದ ಎಚ್‌ಆರ್ ಹೆಚ್ಚಾಗಿ ನಡೆಯುವುದು ಕೋಶಚಕ್ರದ ಎಸ್ ಮತ್ತು ಜಿ2 ಹಂತಗಳಲ್ಲಿ.

ಆಮೇಲೆ ಬಣ್ಣ ನೋಡಿ. ಈ ಪ್ರಯೋಗದ ಕೋಶಗಳಲ್ಲಿ ಹಸಿರು ಪ್ರೋಟೀನಿನ ಜೀನು ಎರಡು ಪ್ರತಿಗಳಲ್ಲಿದೆ, ಎರಡೂ ಕೆಟ್ಟಿವೆ. ಮೊದಲನೆಯದರ ನಡುವೆ ಐ-ಎಸ್‌ಸಿಇ-1 ಕಿಣ್ವ ಕತ್ತರಿಸುವ 18 ಅಕ್ಷರಗಳ ತಾಣವೂ ನಿಲುಗಡೆ ಸಂಕೇತಗಳೂ ಇವೆ. ಎರಡನೆಯದಕ್ಕೆ ಎರಡೂ ಕೊನೆಗಳಿಲ್ಲ, ಆದರೆ ನಡುಭಾಗ ಸರಿಯಿದೆ. ಕಿಣ್ವ ಕತ್ತರಿಸಿದ ಬಳಿಕ ಕೋಶ ಎರಡನೆಯದನ್ನು ನೋಡಿ ಮೊದಲನೆಯದನ್ನು ತಿದ್ದಿಕೊಂಡರೆ ಜೀನು ಪೂರ್ಣವಾಗುತ್ತದೆ, ಕೋಶ ಹಸಿರಾಗಿ ಹೊಳೆಯುತ್ತದೆ. ಆ ತಾಣವಿದ್ದಲ್ಲಿ ಈಗ ಬಿಸಿಜಿ-1 ಎಂಬ ಬೇರೊಂದು ಕಿಣ್ವದ ತಾಣ ಬಂದಿರುತ್ತದೆ. ಡಿಎನ್‌ಎಯನ್ನು ಅದರಿಂದ ಕತ್ತರಿಸಿ ಎಚ್‌ಆರ್ ಆದದ್ದನ್ನು ಖಚಿತಪಡಿಸಿಕೊಳ್ಳಬಹುದು.

ಕೊನೆಗೆ, ಕಾಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಸಿರಾಗದ ಕೋಶದಲ್ಲಿ ಆ ಜಾಗದ ಅಕ್ಷರಗಳನ್ನು ಓದಿದಾಗ ಒಂದೆರಡು ಬಿಟ್ಟುಹೋಗಿದ್ದರೆ ಅಥವಾ ಹೊಸದಾಗಿ ಸೇರಿದ್ದರೆ ಅದು ಸಾಮಾನ್ಯವಾಗಿ ಎನ್‌ಎಚ್‌ಇಜೆಯ ಗುರುತು. ಇಂಥ ಗಾಯದ ಕಲೆಗಳನ್ನೇ ನೋಡಿ ಎನ್‌ಎಚ್‌ಇಜೆ ಒರಟು ಕೆಲಸವೆಂದು ತೀರ್ಮಾನಿಸುವುದು ಸರಿಯಲ್ಲ. ತುದಿಗಳು ತಪ್ಪಿಲ್ಲದೆ ಬೆಸೆದುಕೊಂಡರೆ ಹಳೆಯ ತಾಣವೇ ಮರಳಿ ಬರುತ್ತದೆ, ಕಿಣ್ವ ಅದನ್ನು ಮತ್ತೆ ಕತ್ತರಿಸುತ್ತದೆ. ತಪ್ಪಾಗುವವರೆಗೂ ಈ ಸುತ್ತು ಮುಗಿಯದಿರಬಹುದು. ಹೀಗಾಗಿ ನಮ್ಮ ಕೈಗೆ ಸಿಗುವುದು ತಪ್ಪಿದ ಬೆಸುಗೆಗಳೇ. ಸೋದರ ಪ್ರತಿಯಿಂದ ಅದೇ ತಾಣವನ್ನು ನಕಲು ಮಾಡಿಕೊಂಡ ಎಚ್‌ಆರ್ ಕೂಡ ಇಲ್ಲಿ ಕಾಣುವುದಿಲ್ಲ.

ಬಿಆರ್‌ಸಿಎ2 ಇಲ್ಲದ ಕೋಶಗಳಲ್ಲಿ ಹಸಿರು ತೀರಾ ಇಳಿಯುತ್ತದೆ. ಆದರೆ ಯಾವುದೋ ಔಷಧ ಕೊಟ್ಟಾಗ ಹಸಿರು ಇಳಿದರೆ, ಅದು ಎಚ್‌ಆರ್ ಅನ್ನೇ ಕೆಡಿಸಿತೆಂದು ಹೇಳುವ ಮೊದಲು ಎರಡು ಸಂಗತಿ ಪರೀಕ್ಷಿಸಿ: ಕತ್ತರಿಸುವ ಕಿಣ್ವ ಎಲ್ಲ ಕೋಶಗಳಿಗೂ ಸಮನಾಗಿ ತಲುಪಿತೇ, ಕೋಶಗಳು ಜಿ1 ಹಂತದಲ್ಲೇ ನಿಂತುಬಿಟ್ಟವೇ. ಜಿ1ನಲ್ಲಿ ನಿಂತ ಕೋಶದಲ್ಲಿ ರಾಡ್51, ಬಿಆರ್‌ಸಿಎ2 ಕೆಡದಿದ್ದರೂ ಹಸಿರು ಇಳಿಯುತ್ತದೆ.